680 ಕ್ರೆಡಿಟ್, ಹತ್ತು ಶಾಟ್: ಕರಡು ತೆಗೆದು ನೋಡಿ ರೆಂಡರ್ ಮಾಡಿದ ಒಂದು ಪ್ರಕರಣ

ಹಿನ್ನೆಲೆ

ಮೂವರ ಸಣ್ಣ ತಂಡ. ಒಬ್ಬರು ಚಿತ್ರಕಥೆ ಬರೆಯುವವರು, ಒಬ್ಬರು ಎಐ ವಿಡಿಯೊ ಟೂಲ್ ನಡೆಸುವವರು, ಮತ್ತೊಬ್ಬರು ಎಡಿಟರ್. ಇವರು ಒಪ್ಪಿಕೊಂಡ ಕೆಲಸ 60 ಸೆಕೆಂಡಿನ ಒಂದು ಕಿರುಚಿತ್ರ: ನಿಂತುಹೋದ ಹಳೆಯ ಗೋಡೆ ಗಡಿಯಾರವನ್ನು ವಯಸ್ಸಾದ ಕುಶಲಕರ್ಮಿಯೊಬ್ಬರು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ನಡೆಸುವ ಕತೆ. ಕೊನೆಯ 8 ಸೆಕೆಂಡು ಅಕ್ಷರಗಳ ಫಲಕ, ಅದನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡಬಹುದಿತ್ತು. ಉಳಿದ 52 ಸೆಕೆಂಡಿಗೆ 14 ಶಾಟ್‌ಗಳನ್ನು ಬರೆದುಕೊಂಡಿದ್ದರು. ಎಂದರೆ ಒಂದು ಶಾಟ್ ಪರದೆಯ ಮೇಲೆ ಇರುವುದು ನಾಲ್ಕು ಸೆಕೆಂಡಿಗೂ ಕಡಿಮೆ. ಈ ಲೆಕ್ಕ ಮುಂದೆ ಮುಖ್ಯವಾಗುತ್ತದೆ.

ಅವರು ಚಂದಾ ಕಟ್ಟಿದ್ದ ಟೂಲ್ ತಿಂಗಳಿಗೆ 2,000 ಕ್ರೆಡಿಟ್ ಕೊಡುತ್ತಿತ್ತು. ತಿಂಗಳು ಮುಗಿದರೆ ಉಳಿದ ಕ್ರೆಡಿಟ್ ಹೋದಂತೆಯೇ. ಪ್ರತ್ಯೇಕವಾಗಿ ಕೊಂಡ ಟಾಪ್‌ಅಪ್ ಕ್ರೆಡಿಟ್ ಮಾತ್ರ ಮುಂದಿನ ತಿಂಗಳಿಗೂ ಉಳಿಯುತ್ತಿತ್ತು. ದರ ಹೀಗಿತ್ತು: ದೊಡ್ಡ ಮಾಡೆಲ್‌ಗೆ ಸೆಕೆಂಡಿಗೆ 12 ಕ್ರೆಡಿಟ್, ವೇಗದ ಮಾಡೆಲ್‌ಗೆ ಸೆಕೆಂಡಿಗೆ 5, ಒಂದು ಸ್ಥಿರಚಿತ್ರಕ್ಕೆ 5, ಸಿದ್ಧ ಕ್ಲಿಪ್ಪನ್ನು ಅಪ್‌ಸ್ಕೇಲ್ ಮಾಡಲು, ಎಂದರೆ ಹೆಚ್ಚಿನ ರೆಸಲ್ಯೂಶನ್‌ಗೆ ಏರಿಸಲು, ಸೆಕೆಂಡಿಗೆ 2. ಕ್ಲಿಪ್‌ನ ಉದ್ದ 5 ಅಥವಾ 10 ಸೆಕೆಂಡು, ನಡುವೆ ಬೇರೆ ಆಯ್ಕೆ ಇಲ್ಲ. ದರಗಳು ಟೂಲಿನಿಂದ ಟೂಲಿಗೆ ಬೇರೆ, ಆಗಾಗ ಬದಲಾಗುತ್ತವೆ. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಅಂಕಿಗಳಿಗಿಂತ ಅವುಗಳ ನಡುವಿನ ಅಂತರ. ದೊಡ್ಡ ಮಾಡೆಲ್‌ನ 10 ಸೆಕೆಂಡಿನ ಒಂದು ಪ್ರಯತ್ನದ ಬೆಲೆಯಲ್ಲಿ 24 ಸ್ಥಿರಚಿತ್ರಗಳು ಬರುತ್ತವೆ.

ಸಮಸ್ಯೆ

ಮೊದಲ ಮೂರು ದಿನ ತಂಡ ಎಲ್ಲವನ್ನೂ ದೊಡ್ಡ ಮಾಡೆಲ್‌ನಲ್ಲಿ, 10 ಸೆಕೆಂಡಿನ ಕ್ಲಿಪ್‌ಗಳಾಗಿ, ಬರೀ ಪಠ್ಯದ ಪ್ರಾಂಪ್ಟ್‌ನಿಂದ ತೆಗೆಯಿತು. "ಉದ್ದ ಇದ್ದರೆ ಎಡಿಟಿಂಗ್‌ನಲ್ಲಿ ಕತ್ತರಿಸಿಕೊಳ್ಳಬಹುದು" ಎಂಬುದು ಲೆಕ್ಕಾಚಾರ. ಒಂದೊಂದು ಪ್ರಯತ್ನಕ್ಕೆ 120 ಕ್ರೆಡಿಟ್. ಹನ್ನೊಂದು ಪ್ರಯತ್ನ ಮುಗಿಯುವಷ್ಟರಲ್ಲಿ 1,320 ಕ್ರೆಡಿಟ್ ಖರ್ಚಾಗಿತ್ತು. ಬಳಸಬಹುದಾದ ಶಾಟ್ ಸಿಕ್ಕಿದ್ದು ಎರಡು. ಖಾತೆಯಲ್ಲಿ ಉಳಿದದ್ದು 680, ಬಾಕಿ ಶಾಟ್ ಹನ್ನೆರಡು, ತಿಂಗಳ ಕೊನೆಗೆ ಒಂಬತ್ತು ದಿನ.

ಇಲ್ಲಿ ತಂಡ ತೆಗೆದುಕೊಂಡ ನಿರ್ಧಾರವೇ ಇಡೀ ಪ್ರಕರಣದ ಮೊದಲ ತಿರುವು. ತಕ್ಷಣ ಟಾಪ್‌ಅಪ್ ಕೊಳ್ಳುವ ಬದಲು ಒಂದು ದಿನ ಏನನ್ನೂ ರೆಂಡರ್ ಮಾಡದೆ, ಕೆಟ್ಟ ಒಂಬತ್ತು ಕ್ಲಿಪ್‌ಗಳನ್ನು ಮತ್ತೆ ಹಾಕಿ ನೋಡಿ, ಪ್ರತಿಯೊಂದರ ಮುಂದೆ ಅದು ಏಕೆ ಕೆಟ್ಟಿತು ಎಂದು ಒಂದೊಂದು ಸಾಲು ಬರೆದರು. ನಾಲ್ಕರಲ್ಲಿ ಚೌಕಟ್ಟೇ ತಪ್ಪು: ಗಡಿಯಾರ ಅರ್ಧ ಹೊರಗೆ, ಕುಶಲಕರ್ಮಿ ಬೆನ್ನು ತಿರುಗಿಸಿ ಕೂತಿದ್ದಾರೆ, ಮೇಜಿನ ಮೇಲೆ ಬೇಡದ ಎರಡನೆಯ ಗಡಿಯಾರ. ಮೂರರಲ್ಲಿ ಕ್ಯಾಮೆರಾ ಚಲನೆ ತಪ್ಪು: ನಿಧಾನವಾಗಿ ಹತ್ತಿರ ಹೋಗು ಎಂದರೆ ಸುತ್ತು ಹೊಡೆದಿದೆ. ಎರಡರಲ್ಲಿ ಮಾತ್ರ ಬೆರಳು ಮತ್ತು ಚಕ್ರ ಒಂದಕ್ಕೊಂದು ಕರಗಿಹೋದ ದೋಷ.

ಚೌಕಟ್ಟಿನ ತಪ್ಪು 5 ಕ್ರೆಡಿಟ್‌ನ ಚಿತ್ರದಲ್ಲೇ ಕಾಣುತ್ತಿತ್ತು. ಕ್ಯಾಮೆರಾದ ತಪ್ಪು ವೇಗದ ಮಾಡೆಲ್‌ನಲ್ಲಿ 5 ಸೆಕೆಂಡು ತೆಗೆದ 25 ಕ್ರೆಡಿಟ್‌ನ ಕರಡಿನಲ್ಲಿ ಗೊತ್ತಾಗುತ್ತಿತ್ತು. ಒಂಬತ್ತರಲ್ಲಿ ಏಳು ಸೋಲನ್ನು ಕಾಣಲು ದುಬಾರಿ ರೆಂಡರ್ ಬೇಕಿರಲಿಲ್ಲ. ಜೊತೆಗೆ, ಸಿಕ್ಕ ಎರಡು ಒಳ್ಳೆಯ ಕ್ಲಿಪ್‌ಗಳಲ್ಲೂ ಆರನೆಯ ಸೆಕೆಂಡಿನಿಂದಾಚೆ ಮುಖದ ಆಕಾರ ಮೆಲ್ಲಗೆ ಬದಲಾಗುತ್ತಾ ಹೋಗಿತ್ತು. ಇಂಥ ಜಾರುವಿಕೆ ಉದ್ದದ ಕ್ಲಿಪ್‌ಗಳಲ್ಲಿ ಸಾಮಾನ್ಯ. ನಾಲ್ಕು ಸೆಕೆಂಡು ಬೇಕಾದ ಕಡೆ ಹತ್ತು ತೆಗೆದರೆ, ಹೆಚ್ಚಿನ ಬೆಲೆ ಕೊಟ್ಟು ಬಳಸಲಾಗದ ಭಾಗವನ್ನು ಕೊಂಡಂತಾಗುತ್ತದೆ.

ಹೊಸ ಲೆಕ್ಕ

ಮೊದಲು ಕತ್ತರಿ ಬಿದ್ದದ್ದು ಶಾಟ್ ಪಟ್ಟಿಗೆ. ಎಡಿಟರ್ ಬಿಳಿ ಹಾಳೆಯ ಮೇಲೆ ಗೀಚಿದ ಚಿತ್ರಗಳ ಫೋಟೊ ತೆಗೆದು, ನಿರೂಪಣೆಯ ಧ್ವನಿಯ ಮೇಲೆ ಟೈಮ್‌ಲೈನಿನಲ್ಲಿ ಜೋಡಿಸಿದರು. ಹೀಗೆ ನೋಡಿದಾಗ ಎರಡು ಶಾಟ್ ಇಲ್ಲದಿದ್ದರೂ ಕತೆ ನಡೆಯುತ್ತದೆ ಎಂಬುದು ಸ್ಪಷ್ಟವಾಯಿತು. ಹನ್ನೆರಡು ಹತ್ತಾಯಿತು, ಒಂದು ಕ್ರೆಡಿಟ್ಟೂ ಖರ್ಚಾಗಲಿಲ್ಲ.

ಆ ಮೇಲೆ ಹತ್ತು ಶಾಟ್‌ಗಳನ್ನು ಎರಡು ಗುಂಪು ಮಾಡಿದರು. ಆರು ಶಾಟ್‌ಗಳಲ್ಲಿ ವಸ್ತುಗಳು ಬಹುಪಾಲು ನಿಶ್ಚಲ: ಕಿಟಕಿಯ ಬೆಳಕಿನಲ್ಲಿ ಧೂಳು, ಉಪಕರಣಗಳ ಸಾಲು, ಗಡಿಯಾರದ ಮುಖ, ತೂಗಾಡುವ ಲೋಲಕ, ಇಂಥವು. ಉಳಿದ ನಾಲ್ಕರಲ್ಲಿ ಕೈ ಅಥವಾ ಮುಖ ಹತ್ತಿರದಿಂದ ಕಾಣುತ್ತದೆ. ಮೊದಲ ಗುಂಪಿಗೆ ವೇಗದ ಮಾಡೆಲ್‌ನ ಕರಡು ಚೆನ್ನಾಗಿ ಬಂದರೆ ಅದನ್ನೇ ಅಪ್‌ಸ್ಕೇಲ್ ಮಾಡಿ ಬಳಸುವುದು, ದೊಡ್ಡ ಮಾಡೆಲ್ ಬೇಡ. ಎರಡನೆಯ ಗುಂಪಿಗೆ ಒಂದೇ ಕರಡು, ಆ ಮೇಲೆ ದೊಡ್ಡ ಮಾಡೆಲ್‌ನಲ್ಲಿ ಎರಡು ಪ್ರಯತ್ನ. ಎಲ್ಲ ಕ್ಲಿಪ್ 5 ಸೆಕೆಂಡಿನವೇ.

ಲೆಕ್ಕ ಹೀಗೆ ಬಂತು. ಸ್ಥಿರಚಿತ್ರಗಳಿಗೆ ಶಾಟ್ ಒಂದಕ್ಕೆ ಮೂರರಂತೆ 150. ಕರಡುಗಳಿಗೆ ಮೊದಲ ಗುಂಪಿನಲ್ಲಿ ಶಾಟ್ ಒಂದಕ್ಕೆ ಎರಡು, ಅಂದರೆ 300. ಎರಡನೆಯ ಗುಂಪಿನಲ್ಲಿ ಒಂದೊಂದು, 100. ಆರು ಅಪ್‌ಸ್ಕೇಲ್‌ಗೆ 60. ದೊಡ್ಡ ಮಾಡೆಲ್‌ನ ಎಂಟು ಪ್ರಯತ್ನಕ್ಕೆ 480. ಒಟ್ಟು 1,090. ಕೈಯಲ್ಲಿದ್ದ 680ಕ್ಕೆ 500ರ ಒಂದು ಟಾಪ್‌ಅಪ್ ಸೇರಿದರೆ 1,180, ಮೀಸಲು 90. ಮೀಸಲು ಕಡಿಮೆಯೇ ಆಯಿತು. ಮೊದಲ ದಿನದಿಂದಲೇ ಬಜೆಟ್ ಹಾಕಿದ್ದರೆ ಕಾಲು ಭಾಗವಾದರೂ ಎತ್ತಿಡಬೇಕಿತ್ತು.

ಇನ್ನೊಂದು ಚಿಕ್ಕ ನಿರ್ಧಾರ ಬಹಳ ಉಪಯೋಗಕ್ಕೆ ಬಂತು. ಟಾಪ್‌ಅಪ್ಪನ್ನು ಅಂದೇ ಕೊಳ್ಳಲಿಲ್ಲ. ತಿಂಗಳ ಕೊನೆಗೆ ಅಳಿಸಿಹೋಗುವ 680ನ್ನು ಚಿತ್ರ, ಕರಡು, ಅಪ್‌ಸ್ಕೇಲ್‌ಗೆ ಖರ್ಚು ಮಾಡಿ, ದೊಡ್ಡ ಮಾಡೆಲ್‌ನ ಹಂತ ಬಂದಾಗಲಷ್ಟೇ ಕೊಳ್ಳುವುದು ಎಂದುಕೊಂಡರು. ಕರಡುಗಳನ್ನು ನೋಡಿದ ಮೇಲೆ ಅಷ್ಟು ಬೇಕಾಗದೆಯೂ ಇರಬಹುದಲ್ಲ.

ಕರಡಿನ ಹಂತ

ಪ್ರತಿ ಶಾಟ್‌ಗೂ ಮೊದಲು ಸ್ಥಿರಚಿತ್ರ. ಅದು ಸರಿಹೋಗುವವರೆಗೆ ವಿಡಿಯೊ ಬಟನ್ ಮುಟ್ಟುವಂತಿಲ್ಲ. ಚಿತ್ರವನ್ನು ಕೊನೆಗೆ ಬೇಕಾದ 16:9 ಅನುಪಾತದಲ್ಲೇ ತೆಗೆದರು. ಚೌಕದಲ್ಲಿ ಕರಡು ಮಾಡಿ ಕೊನೆಗೆ ಅಗಲಕ್ಕೆ ಹೋದರೆ ಮಾಡೆಲ್ ಜಾಗ ತುಂಬಲು ಹೊಸ ವಸ್ತುಗಳನ್ನು ತಂದು ಕೂರಿಸುತ್ತದೆ, ಒಪ್ಪಿಕೊಂಡ ಚೌಕಟ್ಟು ಅಲ್ಲಿಗೆ ಹೋಯಿತು. ಧ್ವನಿಯ ಆಯ್ಕೆ ಆಫ್. ಕೆಲವು ಟೂಲ್‌ಗಳಲ್ಲಿ ಧ್ವನಿಗೆ ಬೇರೆಯೇ ದರ ಬೀಳುತ್ತದೆ, ಕರಡಿಗೆ ಅದು ಬೇಕಿಲ್ಲ.

ಚಿತ್ರ ಸರಿಯಾದ ಮೇಲೆ ಅದನ್ನೇ ವಿಡಿಯೊದ ಆರಂಭದ ಫ್ರೇಮ್ ಆಗಿ ಕೊಟ್ಟು, ಪ್ರಾಂಪ್ಟ್‌ನಲ್ಲಿ ಚಲನೆಯನ್ನು ಮಾತ್ರ ಬರೆದರು. ಮೇಜು ಹೇಗಿದೆ, ಬೆಳಕು ಯಾವ ಕಡೆಯಿಂದ ಎಂಬುದೆಲ್ಲ ಚಿತ್ರದಲ್ಲೇ ಇದೆ. ಅದನ್ನು ಮತ್ತೆ ಪದಗಳಲ್ಲಿ ಹೇಳಿದರೆ, ಚಿತ್ರದಲ್ಲಿರುವುದಕ್ಕೂ ಪದಗಳಿಗೂ ಕೊಂಚ ವ್ಯತ್ಯಾಸವಿದ್ದರೂ ಮಾಡೆಲ್ ನಡುವೆ ದೃಶ್ಯವನ್ನೇ ಬದಲಿಸಲು ಹೊರಡುತ್ತದೆ.

ಪ್ರತಿ ಕರಡನ್ನು ಮೂರು ಸಲ ನೋಡುವ ರೂಢಿ ಮಾಡಿಕೊಂಡರು. ಒಮ್ಮೆ ಪೂರ್ತಿ ವೇಗದಲ್ಲಿ, ಕ್ಯಾಮೆರಾಗಾಗಿ. ಇನ್ನೊಮ್ಮೆ ಕೊನೆಯ ಎರಡು ಸೆಕೆಂಡನ್ನು ಒಂದೊಂದೇ ಫ್ರೇಮ್ ಸರಿಸುತ್ತಾ, ಆಕಾರ ಕೆಡುತ್ತದೆಯೇ ಎಂದು. ಮೂರನೆಯ ಸಲ ಟೈಮ್‌ಲೈನಿನಲ್ಲಿ, ಹಿಂದಿನ ಮತ್ತು ಮುಂದಿನ ಶಾಟ್‌ಗಳ ನಡುವೆ. ತೀರ್ಪು ಕೊಡುವಾಗ ಎರಡು ಬಗೆಯ ದೋಷಗಳನ್ನು ಬೇರೆ ಬೇರೆ ಇಟ್ಟರು. ಮರದ ಗೆರೆ ಮಸುಕು, ಕೂದಲ ಅಂಚು ಮಿನುಗುವುದು, ಬಟ್ಟೆಯ ನೇಯ್ಗೆ ಕಾಣದಿರುವುದು ಮೇಲ್ಮೈ ದೋಷಗಳು. ಅವುಗಳಿಗಾಗಿ ಕರಡನ್ನು ತಿರಸ್ಕರಿಸುವಂತಿಲ್ಲ. ಲೋಲಕ ಎರಡಾಗುವುದು, ಕ್ಯಾಮೆರಾ ಬೇರೆ ದಿಕ್ಕಿಗೆ ಹೋಗುವುದು, ಚೌಕಟ್ಟಿನೊಳಗೆ ಯಾರೋ ಬಂದುಬಿಡುವುದು ರಚನೆಯ ದೋಷಗಳು. ಇವು ಕಂಡರೆ ಮತ್ತೊಂದು ಕರಡು. ಮತ್ತೊಂದು ತೆಗೆಯುವಾಗ ಬದಲಾಯಿಸುವುದು ಒಂದನ್ನೇ: ಚಿತ್ರವನ್ನೋ, ಚಲನೆಯ ಪದಗಳನ್ನೋ, ಮಾಡೆಲ್ ಎಲ್ಲಿಂದ ಶುರುಮಾಡಬೇಕೆಂದು ಹೇಳುವ ಸೀಡ್ ಸಂಖ್ಯೆಯನ್ನೋ. ಮೂರನ್ನೂ ಒಟ್ಟಿಗೆ ಬದಲಿಸಿದರೆ, ಚೆನ್ನಾಗಿ ಬಂದರೂ ಏಕೆ ಬಂತು ಎಂದು ತಿಳಿಯುವುದಿಲ್ಲ.

ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಇತ್ತು. ಶಾಟ್ ಸಂಖ್ಯೆ, ಎಷ್ಟನೆಯ ಪ್ರಯತ್ನ, ಮಾಡೆಲ್, ಸೀಡ್, ರೆಂಡರ್‌ಗೆ ಮುಂಚೆ ಮತ್ತು ನಂತರ ಖಾತೆಯಲ್ಲಿದ್ದ ಕ್ರೆಡಿಟ್, ತೀರ್ಪು, ಕಾರಣ. ಮುಂಚಿನ ಮತ್ತು ನಂತರದ ಶಿಲ್ಕು ಬರೆಯುವುದು ಅತಿಯಾಯಿತು ಎನ್ನಿಸಬಹುದು. ಆದರೆ ಎರಡನೆಯ ದಿನವೇ ಅದರಿಂದ ಒಂದು ಸೋರಿಕೆ ಸಿಕ್ಕಿತು. 25 ಇಳಿಯಬೇಕಾದ ಕಡೆ 50 ಇಳಿದಿತ್ತು. ಸೆಟ್ಟಿಂಗ್‌ನಲ್ಲಿ ಒಂದು ಪ್ರಾಂಪ್ಟ್‌ಗೆ ಎರಡು ಫಲಿತಾಂಶ ಎಂದು ಇದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಅಂದಿನಿಂದ ಬಟನ್ ಒತ್ತುವ ಮುನ್ನ ಅದರ ಪಕ್ಕದಲ್ಲಿ ಕಾಣುವ ಕ್ರೆಡಿಟ್ ಸಂಖ್ಯೆಯನ್ನು ಬಾಯಿಬಿಟ್ಟು ಓದುವ ಅಭ್ಯಾಸವಾಯಿತು.

ಈ ಹಂತದ ಕೊನೆಗೆ 32 ಚಿತ್ರಕ್ಕೆ 160, 18 ಕರಡುಗಳಿಗೆ 450 ಹೋಗಿತ್ತು. ಹತ್ತೂ ಕರಡುಗಳನ್ನು ಟೈಮ್‌ಲೈನಿನಲ್ಲಿ ಜೋಡಿಸಿ, ಮೂಲೆಯಲ್ಲಿ "ಕರಡು" ಎಂಬ ಮುದ್ರೆ ಹಾಕಿ, ಕೆಲಸ ಕೊಟ್ಟವರಿಗೆ ತೋರಿಸಿದರು. ಚಿತ್ರ ಮಸುಕಾಗಿದೆ ಎಂಬ ಮಾತು ಬಂತು. ಅದು ಕೊನೆಗೆ ಸರಿಹೋಗುತ್ತದೆ, ಈಗ ಕತೆ ಮತ್ತು ಲಯವನ್ನಷ್ಟೇ ನೋಡಿ ಎಂದು ಹೇಳಬೇಕಾಯಿತು. ಅವರು ಕೇಳಿದ ಬದಲಾವಣೆ ಒಂದೇ: ಗಡಿಯಾರ ಮತ್ತೆ ನಡೆಯುವ ಶಾಟ್ ಬೆಳಗಿನದಾಗಿ ಬೇಡ, ಸಂಜೆಯ ಬೆಳಕಿನಲ್ಲಿರಲಿ. ಆ ಬದಲಾವಣೆಗೆ ತಗುಲಿದ್ದು ಒಂದು ಚಿತ್ರ, ಒಂದು ಕರಡು: 30 ಕ್ರೆಡಿಟ್, ಮೇಲಿನ ಲೆಕ್ಕದಲ್ಲೇ ಸೇರಿದೆ.

ಚಿಮುಟ ಮತ್ತು ಚಕ್ರ

ಆರು ಸರಳ ಶಾಟ್‌ಗಳ ಅಪ್‌ಸ್ಕೇಲ್ 60 ಕ್ರೆಡಿಟ್‌ನಲ್ಲಿ ಮುಗಿಯಿತು. ಐದು ಚೆನ್ನಾಗಿ ಬಂದವು. ಗಡಿಯಾರದ ಮುಖದ ಶಾಟ್ ಮಾತ್ರ ಕೆಟ್ಟಿತು. ಕರಡಿನಲ್ಲಿ ಅಂಕಿಗಳು ಮಸುಕಾಗಿದ್ದವು. ಅಪ್‌ಸ್ಕೇಲ್ ಆದ ಮೇಲೆ ಅವು ಸ್ಪಷ್ಟವಾದವು, ಆದರೆ ಅಂಕಿಗಳಾಗಿ ಅಲ್ಲ, ಅಂಕಿಗಳಂತೆ ಕಾಣುವ ಗೀಟುಗಳಾಗಿ. ಅಪ್‌ಸ್ಕೇಲರ್ ಇರುವ ಆಕಾರವನ್ನು ಚೂಪು ಮಾಡುತ್ತದೆ, ಅಲ್ಲಿ ಏನು ಇರಬೇಕಿತ್ತು ಎಂಬುದು ಅದಕ್ಕೆ ತಿಳಿಯದು. ಅಕ್ಷರ, ಅಂಕಿ, ದೂರದ ಮುಖ ಇರುವ ಶಾಟ್‌ಗಳಿಗೆ ಈ ದಾರಿ ಆಗಿಬರುವುದಿಲ್ಲ. ಎಡಿಟರ್ ಆ ಕ್ಲಿಪ್ಪನ್ನೇ ಕೈಬಿಟ್ಟು, ಅದರ ಸ್ಥಿರಚಿತ್ರವನ್ನು ತೆಗೆದುಕೊಂಡು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನಿಧಾನ ಝೂಮ್ ಕೊಟ್ಟು, ಸೆಕೆಂಡಿನ ಮುಳ್ಳನ್ನು ಬೇರೆ ಪದರವಾಗಿ ತಿರುಗಿಸಿದರು. ಕ್ರೆಡಿಟ್ ಸೊನ್ನೆ. ಈ ಶಾಟ್‌ಗೆ ವಿಡಿಯೊ ಮಾಡೆಲ್ಲೇ ಬೇಕಿರಲಿಲ್ಲ ಎಂಬುದನ್ನು ಪಟ್ಟಿ ಮಾಡುವಾಗಲೇ ಕಾಣಬಹುದಿತ್ತು.

ಈಗ ಖಾತೆಯಲ್ಲಿ 10 ಕ್ರೆಡಿಟ್. 500ರ ಟಾಪ್‌ಅಪ್ ಕೊಂಡರು. ದೊಡ್ಡ ಮಾಡೆಲ್‌ಗೆ ಮೊದಲು ಕಳಿಸಿದ್ದು ಅತ್ಯಂತ ಕಷ್ಟದ ಶಾಟ್: ಕುಶಲಕರ್ಮಿ ಚಿಮುಟದಿಂದ ಹಿತ್ತಾಳೆಯ ಸಣ್ಣ ಚಕ್ರವನ್ನು ಮೇಜಿನಿಂದ ಎತ್ತಿ, ಗಡಿಯಾರದೊಳಗಿನ ಸೂಜಿಯಂಥ ಅಚ್ಚಿನ ಮೇಲೆ ಕೂರಿಸುವುದು. ಕಷ್ಟದ್ದನ್ನು ಮೊದಲು ಮಾಡಿದ್ದು ಸರಿಯಾದ ಕ್ರಮ. ಹಣವಿರುವಾಗ ಅದು ಸೋತರೆ ಶಾಟನ್ನು ಮರುಯೋಚಿಸಲು ಜಾಗ ಇರುತ್ತದೆ.

ಕರಡಿನಲ್ಲಿ ಈ ಶಾಟ್ ಸೊಗಸಾಗಿತ್ತು. ಕೈ ಬಲಗಡೆಯಿಂದ ಬಂದು, ಚಕ್ರ ಎತ್ತಿ, ನಾಲ್ಕನೆಯ ಸೆಕೆಂಡಿಗೆ ಕೂರಿಸುತ್ತಿತ್ತು. ಅದೇ ಚಿತ್ರ, ಅದೇ ಪ್ರಾಂಪ್ಟ್, ಅದೇ ಸೀಡ್ ಸಂಖ್ಯೆ ಕೊಟ್ಟರೆ ದೊಡ್ಡ ಮಾಡೆಲ್‌ನಲ್ಲಿ ಅದೇ ಚಲನೆ ಹೆಚ್ಚು ಸ್ಪಷ್ಟವಾಗಿ ಬರುತ್ತದೆ ಎಂದು ತಂಡ ನಂಬಿತ್ತು. ಬಂದದ್ದು ಬೇರೆ. ಕೈ ಮೇಲಿನಿಂದ ಇಳಿಯಿತು, ಮೂರನೆಯ ಸೆಕೆಂಡಿನಲ್ಲಿ ಚಿಮುಟದ ಒಂದು ಕಾಲು ಬೆರಳಿನೊಳಗೆ ಸೇರಿಹೋಯಿತು, ಚಕ್ರದ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡವು.

ಇಲ್ಲಿ ತಪ್ಪಿದ್ದು ಸೀಡ್ ಬಗೆಗಿನ ತಿಳಿವಳಿಕೆ. ಇಂಥ ಮಾಡೆಲ್ ಅರ್ಥವಿಲ್ಲದ ಚುಕ್ಕೆಗಳಂಥ ಯಾದೃಚ್ಛಿಕ ನಾಯ್ಸ್‌ನಿಂದ ಶುರುಮಾಡಿ ಹಂತಹಂತವಾಗಿ ಅದನ್ನು ತೆಗೆಯುತ್ತಾ ಚಿತ್ರಕ್ಕೆ ಬರುತ್ತದೆ. ಸೀಡ್ ನಿರ್ಧರಿಸುವುದು ಆ ಮೊದಲ ನಾಯ್ಸ್ ಯಾವುದು ಎಂಬುದನ್ನಷ್ಟೇ. ಅದನ್ನು ದೃಶ್ಯವಾಗಿ ಬಿಡಿಸುವುದು ಮಾಡೆಲ್‌ನ ಕೆಲಸ. ಮಾಡೆಲ್ ಬದಲಾದರೆ ಅದೇ ಸಂಖ್ಯೆಗೆ ಯಾವ ಅರ್ಥವೂ ಉಳಿಯುವುದಿಲ್ಲ. ಒಂದೇ ಮಾಡೆಲ್‌ನಲ್ಲೂ ರೆಸಲ್ಯೂಶನ್ ಅಥವಾ ಉದ್ದ ಬದಲಿಸಿದರೆ ನಾಯ್ಸ್‌ನ ಅಳತೆಯೇ ಬದಲಾಗುವುದರಿಂದ ಚಲನೆ ಹಾಗೆಯೇ ಬರುತ್ತದೆಂಬ ಭರವಸೆ ಇಲ್ಲ. ಕೆಲವು ಟೂಲ್‌ಗಳಲ್ಲಿ ಕರಡು ಕ್ಲಿಪ್ಪನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಉತ್ತಮ ಗುಣಮಟ್ಟಕ್ಕೆ ಏರಿಸುವ ಸೌಲಭ್ಯ ಇರುತ್ತದೆ, ಅಲ್ಲಿ ಚಲನೆ ಉಳಿಯುತ್ತದೆ. ಈ ಟೂಲ್‌ನಲ್ಲಿ ಅದು ಇರಲಿಲ್ಲ. ಕೆಲಸ ಶುರುಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಿಮ್ಮ ಟೂಲ್‌ನ ಕರಡು ಕೊನೆಯ ರೆಂಡರ್‌ಗೆ ಮೂಲವಾಗುತ್ತದೆಯೇ, ಅಥವಾ ಬರೀ ಮುನ್ಸೂಚನೆಯೇ?

ಮುನ್ಸೂಚನೆ ಮಾತ್ರವಾದರೆ, ಚೌಕಟ್ಟು ಸರಿಯಿದೆಯೇ, ಕ್ಯಾಮೆರಾ ಸೂಚನೆ ಅರ್ಥವಾಗುತ್ತಿದೆಯೇ, ಶಾಟ್‌ನ ಉದ್ದ ಸಾಕೇ ಎಂಬುದನ್ನು ಕರಡು ಹೇಳಬಲ್ಲದು. ಬೆರಳುಗಳ ನಡೆಯನ್ನು ಹೇಳಲಾರದು.

ಎರಡನೆಯ ಪ್ರಯತ್ನ ಹಾಗೆಯೇ, ಸೀಡ್ ಮಾತ್ರ ಬೇರೆ. ಸೋತಿತು. 120 ಕ್ರೆಡಿಟ್ ಹೋಗಿತ್ತು, ಈ ಶಾಟ್‌ಗೆ ಎತ್ತಿಟ್ಟದ್ದು ಅಷ್ಟೇ. ಹಾಗೆಯೇ ಇನ್ನೊಮ್ಮೆ ಒತ್ತಿ ಅದೃಷ್ಟ ನೋಡುವ ಬದಲು, ಚಿತ್ರಕಥೆ ಬರೆದವರು ಶಾಟನ್ನೇ ಚಿಕ್ಕದು ಮಾಡಿದರು. ಎತ್ತುವುದು, ಸಾಗಿಸುವುದು, ಕೂರಿಸುವುದು ಎಂಬ ಮೂರು ಕ್ರಿಯೆಗಳಲ್ಲಿ ಕೊನೆಯದು ಮಾತ್ರ ಸಾಕು. ಮೊದಲೇ ತೆಗೆದಿಟ್ಟಿದ್ದ ಚಿತ್ರಗಳ ಪೈಕಿ ಚಕ್ರವನ್ನು ಹಿಡಿದ ಚಿಮುಟ ಅಚ್ಚಿನ ಸ್ವಲ್ಪ ಮೇಲೆ ಇರುವ ಒಂದು, ಚಕ್ರ ಕೂತಿರುವ ಇನ್ನೊಂದು ಇದ್ದವು. ಮೊದಲಿನದನ್ನು ಆರಂಭದ ಫ್ರೇಮ್ ಆಗಿ, ಎರಡನೆಯದನ್ನು ಕೊನೆಯ ಫ್ರೇಮ್ ಆಗಿ ಕೊಟ್ಟರು. ಕೈ ಚಲಿಸಬೇಕಾದ ದೂರ ಬೆರಳಗಲವಷ್ಟೇ. ಪ್ರಾಂಪ್ಟ್ ಇಷ್ಟೇ ಇತ್ತು:

```
Static camera. The tweezers slowly lower the brass gear
onto the pin. The hand stops.
```

ಮೂರನೆಯ ಪ್ರಯತ್ನದಲ್ಲಿ ಮೊದಲ ಮೂರು ಸೆಕೆಂಡು ಸ್ವಚ್ಛವಾಗಿ ಬಂದವು. ನಾಲ್ಕನೆಯದರಲ್ಲಿ ಹೆಬ್ಬೆರಳು ಕೊಂಚ ಉದ್ದವಾಯಿತು. ಎಡಿಟ್‌ಗೆ ಬೇಕಾಗಿದ್ದದ್ದು ಮೂರೇ ಸೆಕೆಂಡು, ಹಾಗಾಗಿ ಅಲ್ಲಿಗೇ ನಿಲ್ಲಿಸಿದರು. ಐದೂ ಸೆಕೆಂಡು ಚೆನ್ನಾಗಿರಬೇಕೆಂದು ಹಟ ಹಿಡಿದಿದ್ದರೆ ಬಜೆಟ್ ಅಲ್ಲೇ ಮುಗಿಯುತ್ತಿತ್ತು.

ಉಳಿದ ಮೂರು ಕಷ್ಟದ ಶಾಟ್‌ಗಳಿಗೆ ಇದೇ ಪಾಠ ಮೊದಲೇ ಅನ್ವಯವಾಯಿತು: ಒಂದು ಶಾಟ್‌ಗೆ ಒಂದೇ ಕ್ರಿಯೆ. ಒಂದು ಮೊದಲ ಸಲಕ್ಕೇ ಬಂತು, ಎರಡಕ್ಕೆ ಎರಡೆರಡು ಪ್ರಯತ್ನ ಬೇಕಾಯಿತು. ದೊಡ್ಡ ಮಾಡೆಲ್‌ನ ಒಟ್ಟು ಖರ್ಚು ಎಂಟು ಪ್ರಯತ್ನ, 480.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಕಿರುಚಿತ್ರ ತಿಂಗಳು ಮುಗಿಯಲು ಒಂದು ದಿನ ಇರುವಾಗ ಕೈಸೇರಿತು. ಖಾತೆಯಲ್ಲಿ ಉಳಿದದ್ದು 30. ಎರಡನೆಯ ಘಟ್ಟದಲ್ಲಿ 1,150 ಕ್ರೆಡಿಟ್‌ಗೆ ಹತ್ತು ಶಾಟ್, ಅಂದರೆ ಶಾಟ್ ಒಂದಕ್ಕೆ 115. ಮೊದಲ ಘಟ್ಟದಲ್ಲಿ ಅದು 660 ಆಗಿತ್ತು. ಈ ಹೋಲಿಕೆಯನ್ನು ಪೂರ್ತಿ ಕರಡಿನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. 10 ಸೆಕೆಂಡಿನಿಂದ 5ಕ್ಕೆ ಇಳಿದದ್ದರಿಂದಲೇ ಪ್ರತಿ ಪ್ರಯತ್ನದ ಬೆಲೆ ಅರ್ಧವಾಯಿತು, ಮತ್ತು ಆರು ಶಾಟ್‌ಗಳು ದೊಡ್ಡ ಮಾಡೆಲ್‌ಗೆ ಹೋಗಲೇ ಇಲ್ಲ. ಕರಡು ಮಾಡಿಕೊಟ್ಟದ್ದು ಯಾವ ಶಾಟ್‌ಗೆ ಯಾವ ದಾರಿ ಎಂಬ ಆಯ್ಕೆಯನ್ನು, ಅದೂ ಅಗ್ಗದ ಬೆಲೆಯಲ್ಲಿ.

ಕರಡಿಗೂ ಒಂದು ಮಿತಿ ಇದೆ. ಇಲ್ಲಿ 25ರ ಕರಡು, 60ರ ರೆಂಡರ್. ಅಂದರೆ ಎರಡು ಕರಡು, ಒಂದು ರೆಂಡರ್‌ಗೆ ಹತ್ತಿರ. ಯಾವುದೋ ಶಾಟ್‌ಗೆ ಮೂರನೆಯ ಕರಡು ತೆಗೆಯುತ್ತಿದ್ದೀರಿ ಎಂದರೆ ಉಳಿತಾಯ ಅಲ್ಲಿಗೆ ಮುಗಿಯಿತು. ಆಗ ಪ್ರಾಂಪ್ಟ್‌ನ ಪದಗಳನ್ನು ತಿದ್ದುತ್ತಾ ಕೂರದೆ, 5 ಕ್ರೆಡಿಟ್‌ನ ಚಿತ್ರಕ್ಕೆ ಹಿಂತಿರುಗಬೇಕು, ಇಲ್ಲವೇ ಶಾಟನ್ನೇ ಬದಲಿಸಬೇಕು. ಕರಡು ಮತ್ತು ರೆಂಡರ್‌ನ ಬೆಲೆ ಇನ್ನೂ ಹತ್ತಿರವಿರುವ ಟೂಲ್‌ಗಳಲ್ಲಿ, ಕೈ ಮತ್ತು ಮುಖದ ಶಾಟ್‌ಗಳಿಗೆ ಕರಡನ್ನು ಬಿಟ್ಟು ಚಿತ್ರದಿಂದ ನೇರವಾಗಿ ದೊಡ್ಡ ಮಾಡೆಲ್‌ಗೆ ಹೋಗುವುದೇ ಮೇಲು. ಅಂಥ ಶಾಟ್‌ಗಳಲ್ಲಿ ಕರಡು ಹೇಳಬಲ್ಲದ್ದು ಹೇಗೂ ಸ್ವಲ್ಪವೇ.

ತಂಡದ ಸ್ಪ್ರೆಡ್‌ಶೀಟ್‌ನಲ್ಲಿ ಈಗ ಒಂದು ಹೊಸ ಕಾಲಂ ಸೇರಿದೆ, ರೆಂಡರ್‌ಗೆ ಮುಂಚೆಯೇ ತುಂಬಬೇಕಾದದ್ದು: ಈ ಪ್ರಯತ್ನದಿಂದ ಯಾವ ಪ್ರಶ್ನೆಗೆ ಉತ್ತರ ಬೇಕು? ಅದು ಖಾಲಿ ಇದ್ದರೆ ಬಟನ್ ಒತ್ತುವುದಿಲ್ಲ.